ಚಿಲ್ಲರೆ ನಗದಿನ ತಾಳೆ: ಓಚರು, ಶಿಲ್ಕು ಮತ್ತು ಮೂಲ ಮೊಬಲಗು



ಈ ಸಭೆಯಲ್ಲಿ ಕುಳಿತವರಲ್ಲಿ ಹಲವರು ಕೇಂದ್ರ ಸರ್ಕಾರದ ಶಾಖಾ ಕಚೇರಿಗಳಲ್ಲಿ ನಗದು ನೋಡಿಕೊಳ್ಳುವವರು. ಇನ್ನು ಕೆಲವರು ಮುಂಬಯಿ, ಪುಣೆಗಳ ಕನ್ನಡ ಸಂಘಗಳ ಖಜಾಂಚಿಗಳು. ಲಕ್ಷಗಟ್ಟಲೆ ರೂಪಾಯಿಗಳ ಲೆಕ್ಕವನ್ನು ಬ್ಯಾಂಕಿನ ಪಾಸ್ ಪುಸ್ತಕವೇ ಒಂದು ಮಟ್ಟಿಗೆ ಕಾಯುತ್ತದೆ. ಆದರೆ ಮೇಜಿನ ಸೆಳೆಖಾನೆಯೊಳಗಿನ ಐದು ಸಾವಿರ ರೂಪಾಯಿಗಳನ್ನು ಕಾಯುವವರು ನೀವೊಬ್ಬರೇ. ಆ ಐದು ಸಾವಿರದ ತಾಳೆಯನ್ನು ಕುರಿತು ಮಾತ್ರ ಇಂದು ಮಾತನಾಡುತ್ತೇನೆ.

ಇದಕ್ಕೆ ಇಂಪ್ರೆಸ್ಟ್ ಎಂದು ಹೆಸರು. ನಿಯಮಗಳ ಭಾಷೆಯಲ್ಲಿ ಖಾಯಂ ಮುಂಗಡ. ಅಂಚೆ ಚೀಟಿ, ಆಟೋ ಬಾಡಿಗೆ, ಬೀಗ ರಿಪೇರಿ, ಕುಡಿಯುವ ನೀರು ಇವೇ ಮೊದಲಾದ ಸಾದಿಲ್ವಾರು ವೆಚ್ಚಗಳಿಗಾಗಿ ಒಂದು ನಿಶ್ಚಿತ ಮೊಬಲಗನ್ನು ಒಬ್ಬ ನೌಕರರ ಕೈಗೆ ಕೊಡಲಾಗುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಈ ಮೊಬಲಗು ಕೆಲಸ ಸುಗಮವಾಗಿ ನಡೆಯಲು ಬೇಕಾದ ಕನಿಷ್ಠ ಪ್ರಮಾಣದಲ್ಲಿ ಇರತಕ್ಕದ್ದು. ಖರ್ಚಾದಷ್ಟಕ್ಕೆ ಓಚರುಗಳನ್ನು ಲಗತ್ತಿಸಿ ಬಿಲ್ಲು ಕಳುಹಿಸಿದರೆ ಅಷ್ಟೇ ಹಣ ಮರಳಿ ಬಂದು ಪೆಟ್ಟಿಗೆ ಮೊದಲಿನಂತೆ ತುಂಬುತ್ತದೆ. ಇದನ್ನು ಮರುಭರ್ತಿ ಎನ್ನುತ್ತೇವೆ.

ಹೀಗಾಗಿ ಇಂಪ್ರೆಸ್ಟ್ ಲೆಕ್ಕಕ್ಕೆ ಬೇರಾವ ನಗದು ಲೆಕ್ಕಕ್ಕೂ ಇಲ್ಲದ ಒಂದು ಗುಣವಿದೆ. ಯಾವ ದಿನ, ಯಾವ ಗಳಿಗೆಯಲ್ಲಿ ಪೆಟ್ಟಿಗೆಯನ್ನು ತೆರೆದರೂ ಅದರೊಳಗಿನ ನಗದು ಮತ್ತು ಓಚರುಗಳ ಮೊತ್ತ ಎರಡೂ ಕೂಡಿ ಮೂಲ ಮೊಬಲಗಿಗೆ ಸಮನಾಗಬೇಕು. ಒಂದು ರೂಪಾಯಿ ಹೊರಗೆ ಹೋದರೆ ಅದರ ಜಾಗದಲ್ಲಿ ಒಂದು ರೂಪಾಯಿಯ ಕಾಗದ ಒಳಗೆ ಬಂದಿರಬೇಕು. ಗಮನಿಸಿ, ಈ ಸಮೀಕರಣದಲ್ಲಿ ನಗದು ಪುಸ್ತಕದ ಮಾತೇ ಇಲ್ಲ. ಪುಸ್ತಕವು ಮೂರನೆಯ ಸಾಕ್ಷಿ. ನೋಟುಗಳು ಒಂದು ಸಾಕ್ಷಿ, ಓಚರುಗಳು ಇನ್ನೊಂದು ಸಾಕ್ಷಿ. ಈ ಮೂವರ ಹೇಳಿಕೆಗಳು ಒಂದಾದಾಗ ಮಾತ್ರ ತಾಳೆಯಾಯಿತು ಎನ್ನಬಹುದು. ಬಹಳ ಮಂದಿ ಪುಸ್ತಕದ ಶಿಲ್ಕನ್ನೂ ಕೈಯ ನಗದನ್ನೂ ಹೋಲಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದರಿಂದ ಎಂತಹ ಪೇಚು ಬರಬಹುದೆಂಬುದನ್ನು ನನ್ನ ಅನುಭವದಿಂದಲೇ ಮುಂದೆ ಹೇಳುತ್ತೇನೆ.

ಮೊದಲು ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡಿ ನೋಡೋಣ. ಪುಣೆಯ ಒಂದು ಸಣ್ಣ ಶಾಖಾ ಕಚೇರಿ ಎಂದು ಭಾವಿಸಿಕೊಳ್ಳಿ. ಮೂಲ ಮೊಬಲಗು 5,000 ರೂಪಾಯಿ. ತಿಂಗಳ ಮೊದಲ ದಿನ ಪೆಟ್ಟಿಗೆಯಲ್ಲಿ ಪೂರ್ತಿ ಹಣವಿತ್ತು. ತಿಂಗಳ ಕೊನೆಯ ದಿನ ಸಂಜೆ ನಗದು ಗುಮಾಸ್ತರು ಪುಸ್ತಕವನ್ನು ಕೂಡಿಸಿದಾಗ ಖರ್ಚು 2,939 ರೂಪಾಯಿ ಎಂದು ಬಂತು. ಎಂದರೆ 2,061 ರೂಪಾಯಿ ಶಿಲ್ಕು ಇರಬೇಕು.

ನಗದನ್ನು ಎಣಿಸುವ ಕೆಲಸವನ್ನು ಪುಸ್ತಕ ಮುಚ್ಚಿಟ್ಟು ಮಾಡಬೇಕು. ಎಷ್ಟು ಬರಬೇಕೆಂದು ತಿಳಿದವನ ಬೆರಳುಗಳು ಅಷ್ಟನ್ನೇ ಎಣಿಸುತ್ತವೆ. ಒಂದು ಹಾಳೆಯ ಮೇಲೆ ನೋಟಿನ ಮುಖಬೆಲೆ, ಅವುಗಳ ಸಂಖ್ಯೆ, ಮೊತ್ತ ಎಂದು ಮೂರು ಕಲಮುಗಳನ್ನು ಎಳೆದುಕೊಂಡು ದೊಡ್ಡ ನೋಟಿನಿಂದ ಆರಂಭಿಸಬೇಕು. ನಮ್ಮ ಗುಮಾಸ್ತರಿಗೆ ಐನೂರರ ನೋಟು ಒಂದು, ಇನ್ನೂರರವು ಎರಡು, ನೂರರವು ನಾಲ್ಕು, ಐವತ್ತರವು ಎರಡು, ಇಪ್ಪತ್ತರವು ನಾಲ್ಕು, ಹತ್ತರವು ಐದು ಸಿಕ್ಕವು. ನಾಣ್ಯಗಳು 18 ರೂಪಾಯಿ. ಒಟ್ಟು 1,548 ರೂಪಾಯಿ. ಇದಾದ ಮೇಲೆ ಓಚರುಗಳನ್ನು ಪುಸ್ತಕ ನೋಡದೆ ಬೇರೆಯಾಗಿ ಕೂಡಿಸಿದರು. ಹನ್ನೊಂದು ಓಚರುಗಳು, ಮೊತ್ತ 2,792 ರೂಪಾಯಿ.

ಈಗ ಕೂಡಿಸಿ. ನಗದು 1,548, ಓಚರು 2,792, ಎರಡೂ ಸೇರಿ 4,340. ಐದು ಸಾವಿರಕ್ಕೆ 660 ರೂಪಾಯಿ ಕಡಿಮೆ. ಪುಸ್ತಕವನ್ನು ಕೇಳಿದರೆ ಅದು ಇನ್ನೊಂದು ಮಾತು ಹೇಳುತ್ತದೆ: ಇರಬೇಕಾದದ್ದು 2,061, ಇರುವುದು 1,548, ಆದ್ದರಿಂದ ಕೊರತೆ 513. ಎರಡು ಕೊರತೆಗಳು ಬೇರೆ ಬೇರೆಯಾಗಿವೆ ಎಂಬುದೇ ಇಲ್ಲಿ ಮೊದಲ ಸುಳಿವು. 660ರಲ್ಲಿ 513 ಕಳೆದರೆ 147. ಪುಸ್ತಕದ ಖರ್ಚಿಗೂ ಓಚರುಗಳ ಮೊತ್ತಕ್ಕೂ ಇರುವ ಅಂತರವೂ ಇದೇ 147. ಅಂದರೆ ಪುಸ್ತಕಕ್ಕೂ ಓಚರಿಗೂ ನಡುವೆ ಒಂದು ಜಗಳ, ಓಚರಿಗೂ ನಗದಿಗೂ ನಡುವೆ ಮತ್ತೊಂದು ಜಗಳ. ಇವನ್ನು ಬೆರೆಸಬಾರದು. ಯಾವಾಗಲೂ ಮೊದಲನೆಯದನ್ನು ಬಗೆಹರಿಸಿ ನಂತರ ಎರಡನೆಯದಕ್ಕೆ ಬರಬೇಕು.

ಪುಸ್ತಕ ಮತ್ತು ಓಚರುಗಳ ಜಗಳವನ್ನು ಬಗೆಹರಿಸಲು ಒಂದೇ ದಾರಿ. ಓಚರುಗಳನ್ನು ಕ್ರಮಸಂಖ್ಯೆಯಂತೆ ಜೋಡಿಸಿ, ಒಂದೊಂದನ್ನೂ ಪುಸ್ತಕದ ನಮೂದಿನೊಡನೆ ಹೋಲಿಸಿ ಪೆನ್ಸಿಲಿನಿಂದ ಗುರುತು ಹಾಕುವುದು. ಮೊಬಲಗನ್ನು ಮಾತ್ರ ನೋಡಿದರೆ ಸಾಲದು. ದಿನಾಂಕ, ಹಣ ಪಡೆದವರ ಹೆಸರು ಇವನ್ನೂ ನೋಡಬೇಕು. ಹೀಗೆ ನೋಡುತ್ತ ಹೋದಾಗ ಗುಮಾಸ್ತರಿಗೆ ಪುಸ್ತಕದಲ್ಲಿ ಹನ್ನೆರಡು ನಮೂದುಗಳಿರುವುದು ಕಂಡಿತು. ಹನ್ನೆರಡನೆಯದು ಆಟೋ ಬಾಡಿಗೆ 120 ರೂಪಾಯಿ. ಹಣ ಕೊಟ್ಟದ್ದು ನಿಜ, ಓಚರು ಮಾತ್ರ ಇಲ್ಲ. ಆಟೋ ಚಾಲಕರಿಂದ ರಶೀದಿ ಸಿಕ್ಕಿರಲಿಲ್ಲ. ಇಂತಹ ಸಂದರ್ಭದಲ್ಲಿ ಪ್ರಯಾಣ ಮಾಡಿದವರೇ ದಿನಾಂಕ, ಎಲ್ಲಿಂದ ಎಲ್ಲಿಗೆ, ಯಾವ ಸರ್ಕಾರಿ ಕೆಲಸಕ್ಕೆ, ಎಷ್ಟು ಕೊಟ್ಟೆ ಎಂಬುದನ್ನು ಬರೆದು ಸಹಿ ಮಾಡಿ, ಮೇಲಧಿಕಾರಿಯ ಮಂಜೂರಾತಿ ಪಡೆದು ಕೊಡಬೇಕು. ಆ ಕಾಗದವೇ ಓಚರು. ಅದನ್ನು ಗುಮಾಸ್ತರೇ ಬರೆದು ತಾವೇ ಸಹಿ ಹಾಕುವುದು ಸರಿಯಲ್ಲ; ಹಣ ಕೊಟ್ಟವರೂ ಹಣ ಪಡೆದವರೂ ಒಬ್ಬರೇ ಆದರೆ ಸಾಕ್ಷಿಗೆ ಬೆಲೆಯಿಲ್ಲ.

147ರಲ್ಲಿ 120 ಹೋಯಿತು, 27 ಉಳಿಯಿತು. ಈ 27ನ್ನು ಒಂಬತ್ತರಿಂದ ಭಾಗಿಸಿ ನೋಡಿ. ನಿಶ್ಶೇಷವಾಗಿ ಮೂರು ಬರುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವಾಗಿರುತ್ತದೆ. ಅದು ಹತ್ತರ ಮತ್ತು ಬಿಡಿಯ ಸ್ಥಾನಗಳಲ್ಲಿ ಆಗಿದ್ದರೆ, ಒಂಬತ್ತರಿಂದ ಭಾಗಿಸಿದಾಗ ಬರುವ ಅಂಕಿಯು ಆ ಎರಡು ಅಂಕಿಗಳ ನಡುವಿನ ಅಂತರವನ್ನೂ ಹೇಳುತ್ತದೆ. ಆದ್ದರಿಂದ ಕೊನೆಯ ಎರಡು ಅಂಕಿಗಳಲ್ಲಿ ಮೂರರ ಅಂತರವಿರುವ ಮೊಬಲಗನ್ನು ಹುಡುಕಬೇಕು. ಗುಮಾಸ್ತರು ಹುಡುಕಿದರು. ಅಂಚೆ ವೆಚ್ಚದ ಓಚರಿನಲ್ಲಿ 236, ಪುಸ್ತಕದಲ್ಲಿ 263.

ಇದು ಹೇಗಾಯಿತು ಎಂಬುದು ಹೊರನಾಡ ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಪಟ್ಟ ವಿಷಯ. ಕನ್ನಡದಲ್ಲಿ ನಾವು ಮೂವತ್ತಾರು ಎನ್ನುವಾಗ ಹತ್ತರ ಸ್ಥಾನವನ್ನು ಮೊದಲು ಹೇಳುತ್ತೇವೆ, ಬಿಡಿಯನ್ನು ನಂತರ. ಬರೆಯುವ ಕ್ರಮವೂ ಅದೇ. ತಮಿಳು ತೆಲುಗುಗಳಲ್ಲಿಯೂ ಹಾಗೆಯೇ. ಆದರೆ ಮರಾಠಿ, ಹಿಂದಿ, ಉರ್ದುಗಳಲ್ಲಿ ಛತ್ತೀಸ್ ಎನ್ನುವಾಗ ಆರು ಮೊದಲು ಕೇಳಿಸುತ್ತದೆ, ಮೂವತ್ತು ನಂತರ ಬರುತ್ತದೆ. ಅಂಚೆ ಕಚೇರಿಯಿಂದ ಮರಳಿದ ಜವಾನರು 'ದೋನ್‌ಶೇ ಛತ್ತೀಸ್' ಎಂದರು, ಗುಮಾಸ್ತರು ರಶೀದಿಯನ್ನು ನೋಡದೆ ಕಿವಿಗೆ ಬಿದ್ದ ಕ್ರಮದಲ್ಲಿಯೇ ಆರನ್ನು ಮೊದಲು ಬರೆದರು. ಮಾತೃಭಾಷೆಯಲ್ಲಿ ಎಣಿಸುವವರಿಂದ ಇಂತಹ ತಪ್ಪು ಅಪರೂಪ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಿಂದ ಮಾತ್ರ ಸುಲಭವಾಗಿ ಆಗುತ್ತದೆ. ಚೆನ್ನೈಯ ಕನ್ನಡಿಗರಿಗೆ ಈ ತೊಂದರೆ ಕಡಿಮೆ, ದಿಲ್ಲಿಯವರಿಗೆ ಹೆಚ್ಚು. ಪರಿಹಾರವೂ ಸರಳ: ಅಂಕಿಯನ್ನು ಕಿವಿಯಿಂದ ಬರೆಯದೆ ಕಣ್ಣಿನಿಂದ ಬರೆಯುವುದು; ಓಚರು ಕೈಗೆ ಬರುವವರೆಗೆ ಪುಸ್ತಕವನ್ನು ತೆರೆಯದಿರುವುದು.

ಒಂಬತ್ತರ ಪರೀಕ್ಷೆಯನ್ನು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಆರಂಭದಲ್ಲಿ ಪುಸ್ತಕ ತೋರಿಸಿದ 513ರ ಕೊರತೆಯನ್ನು ನೆನಪಿಸಿಕೊಳ್ಳಿ. ಅದೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 57 ಬರುತ್ತದೆ. ಅವಸರದವರು ಅಲ್ಲಿಯೇ ಅದಲುಬದಲಾದ ಅಂಕಿಗಳನ್ನು ಹುಡುಕಲು ಹೊರಟು ರಾತ್ರಿಯವರೆಗೂ ಕೂರುತ್ತಿದ್ದರು. ಆದರೆ 513 ಎಂಬುದು ಒಂದು ತಪ್ಪಿನ ಫಲವಲ್ಲ, ಹಲವು ತಪ್ಪುಗಳ ಬೆರಕೆ. ಅದು ಒಂಬತ್ತರ ಗುಣಕವಾದದ್ದು ಆಕಸ್ಮಿಕ. 450ರ ಬದಲು 45 ಎಂದು ಸೊನ್ನೆ ಬಿಟ್ಟು ಬರೆದಾಗಲೂ ವ್ಯತ್ಯಾಸ 405, ಒಂಬತ್ತರ ಗುಣಕವೇ. ಆದ್ದರಿಂದ ಓಚರುಗಳಿಗೆ ಗುರುತು ಹಾಕಿ ಮುಗಿದ ನಂತರ ಉಳಿಯುವ ಶೇಷಕ್ಕೆ ಮಾತ್ರ ಈ ಪರೀಕ್ಷೆಯನ್ನು ಅನ್ವಯಿಸುವುದು ಲೇಸು.

ತಪ್ಪು ಸಿಕ್ಕಿತು, ತಿದ್ದುವುದು ಹೇಗೆ? ಕೇಂದ್ರ ಸರ್ಕಾರದ ಜಮಾ ಮತ್ತು ಪಾವತಿ ನಿಯಮಗಳು ನಗದು ಪುಸ್ತಕದಲ್ಲಿ ಅಳಿಸುವುದನ್ನೂ ಒಂದರ ಮೇಲೊಂದು ಬರೆಯುವುದನ್ನೂ ಸಂಪೂರ್ಣವಾಗಿ ನಿಷೇಧಿಸುತ್ತವೆ. ತಪ್ಪು ಅಂಕಿಯನ್ನು ಓದಲು ಬರುವಂತೆ ಒಂದು ಗೆರೆಯಿಂದ ಹೊಡೆದು, ಸಾಲುಗಳ ನಡುವೆ ಸರಿಯಾದ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಕಚೇರಿಯ ಮುಖ್ಯಸ್ಥರು ಅದಕ್ಕೆ ದಿನಾಂಕ ಸಹಿತ ಸಣ್ಣ ಸಹಿ ಮಾಡಬೇಕು. ತಪ್ಪು ಕಾಣಿಸುವಂತಿದ್ದರೇ ತಿದ್ದುಪಡಿ ನಂಬಲು ಯೋಗ್ಯ. ಬಿಳಿ ಬಣ್ಣ ಬಳಿದ ಅಂಕಿಯನ್ನು ಯಾವ ಲೆಕ್ಕ ಪರಿಶೋಧಕರೂ ಒಳ್ಳೆಯ ಮನಸ್ಸಿನಿಂದ ನೋಡಲಾರರು.

ಈಗ ಓಚರು ಹಾಗೂ ಪುಸ್ತಕ ಎರಡೂ 2,912 ಎನ್ನುತ್ತವೆ. ನಗದು 1,548. ಕೂಡಿದರೆ 4,460. ಇನ್ನೂ 540 ರೂಪಾಯಿ ಬೇಕು. ಇದು ಎರಡನೆಯ ಜಗಳ.

ನಗದು ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಸಿಕ್ಕಿತು. 'ಬೀರುವಿನ ಹಿಡಿಕೆ, ತಿರುಪು ತರಲು 500' ಎಂದು ಬರೆದು ಜವಾನರು ಸಹಿ ಮಾಡಿದ್ದರು. ಹಣ ಪೆಟ್ಟಿಗೆಯಿಂದ ಹೊರಗೆ ಹೋಗಿದೆ, ಖರ್ಚು ಇನ್ನೂ ಆಗಿಲ್ಲ. ಆದ್ದರಿಂದ ಇದು ಓಚರೂ ಅಲ್ಲ, ನಗದೂ ಅಲ್ಲ. ತಾಳೆಯಲ್ಲಿ ಇದಕ್ಕೆ ಬೇರೆ ಸಾಲು ಬೇಕು: ಕೈಗಡ ಚೀಟಿಗಳು. ಮರುದಿನ ಜವಾನರು 430 ರೂಪಾಯಿಯ ಬಿಲ್ಲನ್ನೂ ಉಳಿದ 70 ರೂಪಾಯಿಯನ್ನೂ ತಂದಾಗ ಚೀಟಿಯನ್ನು ರದ್ದು ಮಾಡಿ, 430ನ್ನು ಖರ್ಚಿಗೆ ಬರೆಯುವುದು. ಚೀಟಿಯ ಮೊಬಲಗಾದ 500ನ್ನೇ ಖರ್ಚಿಗೆ ಹಾಕಿಬಿಡುವುದು, 70 ರೂಪಾಯಿ ಹಾಗೆಯೇ ಪೆಟ್ಟಿಗೆಗೆ ಬಿದ್ದು ಹೆಚ್ಚುವರಿಯಾಗಿ ಕಾಡುವುದು, ಇವೂ ನಡೆಯುತ್ತವೆ. ನೌಕರರ ಸ್ವಂತ ಅಗತ್ಯಕ್ಕೆ 'ನಾಳೆ ಕೊಡುತ್ತೇನೆ' ಎಂದು ತೆಗೆದುಕೊಂಡ ಹಣದ ಚೀಟಿಗೆ ಈ ಸಾಲಿನಲ್ಲಿ ಸ್ಥಾನವಿಲ್ಲ. ಅದು ಕೈಗಡವಲ್ಲ, ಕೊರತೆ.

ಇದೇ ರೀತಿ ಇನ್ನೊಂದು ಸಾಲೂ ಬೇಕಾಗಬಹುದು. ಮರುಭರ್ತಿಗಾಗಿ ಬಿಲ್ಲು ಕಳುಹಿಸಿದ್ದೀರಿ, ಓಚರುಗಳು ಅದರೊಡನೆ ಹೊರಟುಹೋಗಿವೆ, ಹಣ ಇನ್ನೂ ಬಂದಿಲ್ಲ. ಆ ದಿನಗಳಲ್ಲಿ ಪೆಟ್ಟಿಗೆ ನೋಡಿದವರಿಗೆ ಸಾವಿರಾರು ರೂಪಾಯಿಯ ಕೊರತೆ ಕಾಣುತ್ತದೆ. ಬಿಲ್ಲಿನ ಕಚೇರಿ ಪ್ರತಿ ಕೈಯಲ್ಲಿದ್ದರೆ ಅದರ ಮೊಬಲಗನ್ನು 'ಬರಬೇಕಾದ ಮರುಭರ್ತಿ' ಎಂದು ತೋರಿಸಬಹುದು. ಪ್ರತಿ ಇಟ್ಟುಕೊಳ್ಳದವರು ಆಗ ಕೇವಲ ಬಾಯಿಮಾತನ್ನು ನೆಚ್ಚಬೇಕಾಗುತ್ತದೆ.

ಐನೂರು ಹೋದ ಮೇಲೆ ಉಳಿದದ್ದು ನಲವತ್ತು ರೂಪಾಯಿ. ಗುಮಾಸ್ತರು ನೋಟುಗಳನ್ನು ಮತ್ತೆ ಎಣಿಸಿದರು, ಹೊಸ ನೋಟುಗಳು ಅಂಟಿಕೊಂಡಿವೆಯೇ ಎಂದು ಬಿಡಿಸಿ ನೋಡಿದರು, ಸೆಳೆಖಾನೆಯ ಹಿಂಬದಿಗೆ ಕೈ ಹಾಕಿದರು. ಸಿಗಲಿಲ್ಲ. ಚಿಲ್ಲರೆ ಕೊಡುವಾಗ ಯಾರಿಗೋ ಎರಡು ಇಪ್ಪತ್ತರ ನೋಟುಗಳು ಹೆಚ್ಚಾಗಿ ಹೋಗಿರಬೇಕು. ಇಂತಹ ಸಣ್ಣ ಕೊರತೆ ಎಷ್ಟೇ ಎಚ್ಚರದವರಿಗೂ ಒಮ್ಮೊಮ್ಮೆ ಬರುತ್ತದೆ. ಇಂತಹ ವೇಳೆಯಲ್ಲಿ ತಮ್ಮ ಜೇಬಿನಿಂದ ನಲವತ್ತು ರೂಪಾಯಿ ತೆಗೆದು ಪೆಟ್ಟಿಗೆಗೆ ಹಾಕಿ ಸುಮ್ಮನಾಗುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದನ್ನು ಮಾಡಬೇಡಿರೆಂದು ಕೇಳಿಕೊಳ್ಳುತ್ತೇನೆ. ಕಾರಣವನ್ನು ಹೇಳಲು ನನ್ನ ಕಥೆಯನ್ನು ಹೇಳಬೇಕು.

1983ರಲ್ಲಿ ಮುಂಬಯಿಯ ಒಂದು ಕಚೇರಿಯಲ್ಲಿ ನಾನು ಹೊಸದಾಗಿ ನಗದು ಗುಮಾಸ್ತನಾಗಿದ್ದೆ. ಊರಿನಿಂದ ಬಂದು ವರ್ಷ ತುಂಬಿರಲಿಲ್ಲ, ಹಿಂದಿ ಅರೆಬರೆ. ಮೂಲ ಮೊಬಲಗು 500 ರೂಪಾಯಿ. ಕಾಗದದ ಅಂಗಡಿಯಾತ 'ಇಕ್ಯಾಸೀ' ಎಂದ. ಒಂದು ಮೊದಲು, ಎಂಬತ್ತು ನಂತರ. ನಾನು 18 ಎಂದು ಬರೆದೆ. ಕೊಟ್ಟದ್ದು 81 ರೂಪಾಯಿ, ಓಚರಿನಲ್ಲಿ ಇದ್ದದ್ದೂ 81. ತಿಂಗಳ ಕೊನೆಯಲ್ಲಿ ಪುಸ್ತಕದ ಶಿಲ್ಕಿಗಿಂತ ನಗದು 63 ರೂಪಾಯಿ ಕಡಿಮೆಯಾಯಿತು. ಎರಡು ರಾತ್ರಿ ನಿದ್ದೆಯಿಲ್ಲದೆ, ಯಾರಿಗೂ ಹೇಳಲು ಧೈರ್ಯವಿಲ್ಲದೆ, ಊಟದ ಮೆಸ್ಸಿಗೆ ಕಟ್ಟಬೇಕಾಗಿದ್ದ ಹಣದಿಂದ 63 ರೂಪಾಯಿ ತೆಗೆದು ಪೆಟ್ಟಿಗೆಗೆ ಹಾಕಿದೆ. ಪುಸ್ತಕ, ನಗದು ಎರಡೂ ತಾಳೆಯಾದವು. ನನಗೆ ನೆಮ್ಮದಿಯಾಯಿತು.

ನಾಲ್ಕನೆಯ ದಿನ ಅಧಿಕಾರಿಯೊಬ್ಬರು ಮುನ್ಸೂಚನೆಯಿಲ್ಲದೆ ಪೆಟ್ಟಿಗೆಯ ತನಿಖೆಗೆ ಬಂದರು. ಅವರು ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಓಚರನ್ನೂ ನಗದನ್ನೂ ಕೂಡಿಸಿದರು. 563 ರೂಪಾಯಿ ಬಂತು. ಕೊರತೆಯಾಗಿದ್ದರೆ ಅಜಾಗರೂಕತೆ ಎನ್ನುತ್ತಿದ್ದರೇನೋ. ಹೆಚ್ಚುವರಿ ಹಣ ಎಲ್ಲಿಂದ ಬಂತು? ಪುಸ್ತಕ ತೆರೆದರು: 18 ಎಂದಿತ್ತು. ಓಚರು ನೋಡಿದರು: 81. ಹದಿನೆಂಟು ಕೊಟ್ಟು, ಓಚರನ್ನು ಎಂಬತ್ತೊಂದು ಎಂದು ತಿದ್ದಿ, 63 ರೂಪಾಯಿಯನ್ನು ಮರುಭರ್ತಿಯಲ್ಲಿ ಹೊಡೆಯುವ ಸಿದ್ಧತೆ ಎಂದು ಯಾರಿಗಾದರೂ ತೋರುವುದು ಸಹಜ. ನಾನು ಜೇಬಿನಿಂದ ಹಾಕಿದೆ ಎಂದು ಹೇಳಿದೆ, ಅದಕ್ಕೆ ಕಾಗದವಿರಲಿಲ್ಲ. ಮೂರು ದಿನ ಬೀಗದ ಕೈ ನನ್ನ ಬಳಿ ಇರಲಿಲ್ಲ. ಹಿರಿಯ ಲೆಕ್ಕಿಗರೊಬ್ಬರು ತಾವಾಗಿ ಆ ಅಂಗಡಿಗೆ ಹೋಗಿ ಅವರ ಬಿಲ್ಲು ಪುಸ್ತಕದ ಕಾರ್ಬನ್ ಪ್ರತಿಯನ್ನು ನೋಡಿ 81 ಎಂದು ಖಚಿತಪಡಿಸಿಕೊಂಡು ಬಂದ ಮೇಲೆ ನಾನು ಪಾರಾದೆ. ಅವರು ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ನೀನು ಕೊರತೆಯನ್ನು ತುಂಬಲಿಲ್ಲ, ಇಲ್ಲದ ಕೊರತೆಗೆ ಹಣ ಹಾಕಿದೆ."

ಆ ಮಾತನ್ನು ಲೆಕ್ಕದಲ್ಲಿ ಬಿಡಿಸಿ ನೋಡಿ. ಆ ದಿನ ನಗದು ಮತ್ತು ಓಚರು ಕೂಡಿ ಸರಿಯಾಗಿ ಐನೂರೇ ಇದ್ದವು. ತಪ್ಪಿದ್ದದ್ದು ಪುಸ್ತಕದಲ್ಲಿ. ನಾನು ಮೂರನೆಯ ಸಾಕ್ಷಿಯ ಮಾತು ಕೇಳಿ ಮೊದಲ ಸಾಕ್ಷಿಯನ್ನು ಕೆಡಿಸಿದ್ದೆ.

ಪುಣೆಯ ನಲವತ್ತು ರೂಪಾಯಿಗೆ ಮರಳೋಣ. ಅದು ನಿಜವಾದ ಕೊರತೆ. ಪುಸ್ತಕವನ್ನೂ ಓಚರುಗಳನ್ನೂ ಸರಿಪಡಿಸಿದ ನಂತರ ಉಳಿದದ್ದು. ಗುಮಾಸ್ತರು ಅದೇ ಸಂಜೆ ತಾಳೆಪಟ್ಟಿಯ ಕೊನೆಯಲ್ಲಿ 'ಕೊರತೆ 40' ಎಂದು ಬರೆದು ಕಚೇರಿಯ ಮುಖ್ಯಸ್ಥರಿಗೆ ತೋರಿಸಿದರು. ಮುಖ್ಯಸ್ಥರು ಭರ್ತಿ ಮಾಡಿರೆಂದು ಅದರ ಮೇಲೆಯೇ ಲಿಖಿತ ಆದೇಶವಿತ್ತರು. ಆದೇಶದಂತೆ ಕಟ್ಟಿದ ನಲವತ್ತು ರೂಪಾಯಿಯನ್ನು ಪುಸ್ತಕದ ಜಮಾ ಬದಿಯಲ್ಲಿ ಕಾರಣಸಹಿತ ಬರೆಯಲಾಯಿತು. ಹಣ ಹೋದದ್ದು ಅದೇ ಜೇಬಿನಿಂದ; ಆದರೆ ನಾಳೆ ಆ ನಲವತ್ತು ಬೇರೆಲ್ಲಾದರೂ ಸಿಕ್ಕರೆ ಅದು ಯಾರದ್ದೆಂದು ಹೇಳುವ ಕಾಗದವೊಂದು ಇದೆ. ಹೆಚ್ಚುವರಿ ಬಂದಾಗಲೂ ಇದೇ ಕ್ರಮ. ಅದನ್ನು ಮುಂದಿನ ಕೊರತೆಗೆ ಆಸರೆಯಾಗಲೆಂದು ಲಕೋಟೆಯಲ್ಲಿ ಇಡುವ ಅಭ್ಯಾಸ ಹಲವೆಡೆ ಇದೆ. ತನಿಖೆಯ ದಿನ ಆ ಲಕೋಟೆಯಷ್ಟು ಮಾತನಾಡುವ ವಸ್ತು ಮತ್ತೊಂದಿಲ್ಲ.

ಹೆಚ್ಚುವರಿಗೆ ಈಚೆಗೆ ಒಂದು ಹೊಸ ಕಾರಣ ಸೇರಿದೆ. ಅಂಗಡಿಯಲ್ಲಿ ಗುಮಾಸ್ತರು ತಮ್ಮ ಸ್ವಂತ ಮೊಬೈಲಿನಿಂದ ಯುಪಿಐ ಮೂಲಕ ಹಣ ಕೊಡುತ್ತಾರೆ, ಬಿಲ್ಲನ್ನು ಓಚರಿಗೆ ಸೇರಿಸುತ್ತಾರೆ, ಪೆಟ್ಟಿಗೆಯಿಂದ ತಮ್ಮ ಹಣ ತೆಗೆದುಕೊಳ್ಳಲು ಮರೆಯುತ್ತಾರೆ. ಓಚರು ಹೆಚ್ಚಿತು, ನಗದು ಇಳಿಯಲಿಲ್ಲ. ಹೆಚ್ಚುವರಿ ಮೊಬಲಗು ಯಾವುದಾದರೊಂದು ಓಚರಿಗೆ ಸರಿಸಮನಾಗಿದ್ದರೆ ಮೊದಲು ಇದನ್ನೇ ಶಂಕಿಸಿ, ಮೊಬೈಲಿನ ಪಾವತಿ ವಿವರ ನೋಡಿ. ಸಂಘಗಳಲ್ಲಿ ಕಾರಣ ಇನ್ನೂ ಹಳೆಯದು: ರಾಜ್ಯೋತ್ಸವದ ಟಿಕೆಟಿನ ಹಣವನ್ನೂ ಚಿಲ್ಲರೆ ವೆಚ್ಚದ ಹಣವನ್ನೂ ಒಂದೇ ಡಬ್ಬಿಯಲ್ಲಿ ಇಡುವುದು. ಇಂಪ್ರೆಸ್ಟ್ ಪೆಟ್ಟಿಗೆಗೆ ಮರುಭರ್ತಿಯ ಹೊರತು ಬೇರೆ ಆದಾಯ ಬರಕೂಡದು. ಬಂದರೆ ನಾನು ಹೇಳಿದ ಸಮೀಕರಣವೇ ಬೀಳುತ್ತದೆ.

ಕೊನೆಯದಾಗಿ ಮರುಭರ್ತಿಯ ಬಿಲ್ಲು. ಎಷ್ಟಕ್ಕೆ ಮಾಡಬೇಕು? 5,000ದಲ್ಲಿ ಕೈಯಲ್ಲಿರುವ 1,548 ಕಳೆದು 3,452 ಕೇಳೋಣ, ಪೆಟ್ಟಿಗೆ ತುಂಬುತ್ತದೆ ಎನ್ನುವವರಿದ್ದಾರೆ. ಹಾಗೆ ಕೇಳಿದರೆ ಕೈಗಡದ 500 ಮತ್ತು ಕೊರತೆಯ 40 ಎರಡೂ ಖರ್ಚೆಂಬ ಹೆಸರಿನಲ್ಲಿ ಮುಚ್ಚಿಹೋಗುತ್ತವೆ, ಅವಕ್ಕೆ ಓಚರುಗಳನ್ನು ಹುಟ್ಟಿಸಬೇಕಾಗುತ್ತದೆ. ಸುಳ್ಳು ಓಚರಿಗೆ ಎಷ್ಟೋ ಸಲ ಮೊದಲ ಕಾರಣ ಇದೇ. ದುರಾಸೆಯಲ್ಲ, ಪೆಟ್ಟಿಗೆ ತುಂಬಿಸುವ ತವಕ. ಬಿಲ್ಲು ಮಾಡಬೇಕಾದದ್ದು ಓಚರುಗಳ ಮೊತ್ತಕ್ಕೆ ಮಾತ್ರ, ಎಂದರೆ 2,912ಕ್ಕೆ. ಅದು ಬಂದಾಗ ನಗದು 4,460 ಆಗುತ್ತದೆ. ಜವಾನರ ಚೀಟಿ 500, ಭರ್ತಿಯಾದ ಕೊರತೆ 40, ಒಟ್ಟು 5,000. ಮಾರ್ಚ್ ತಿಂಗಳಲ್ಲಿ ಮಾತ್ರ 31ನೆಯ ತಾರೀಖಿಗೆ ಮುಂಚೆಯೇ ಬಿಲ್ಲು ಕಳುಹಿಸುವುದು ಒಳ್ಳೆಯದು, ಆ ವರ್ಷದ ಖರ್ಚು ಆ ವರ್ಷದ ಲೆಕ್ಕಕ್ಕೇ ಸೇರಬೇಕಲ್ಲವೆ.

ತಿಂಗಳ ಕೊನೆಯಲ್ಲಿ ಕಚೇರಿಯ ಮುಖ್ಯಸ್ಥರು ನಗದನ್ನು ಪರಿಶೀಲಿಸಿ ದಿನಾಂಕ ಸಹಿತ ಪ್ರಮಾಣಪತ್ರ ಬರೆಯಬೇಕೆಂದು ನಿಯಮವಿದೆ. ಅದನ್ನು ಗುಮಾಸ್ತರು ಬರೆದಿಟ್ಟು ಮುಖ್ಯಸ್ಥರು ಸಹಿ ಮಾತ್ರ ಮಾಡುವ ರೂಢಿಯನ್ನು ಕಂಡಿದ್ದೇನೆ. ನೋಟು ಎಣಿಸದ ಕೈ ಸಹಿ ಮಾಡಿದರೆ ಅಪಾಯ ಇಬ್ಬರಿಗೂ ಉಂಟು. ಪುಣೆಯ ಆ ಪುಟದ ಕೆಳಗೆ ಬರೆಯಬೇಕಾದ ಒಕ್ಕಣೆಯನ್ನು ಓದಿ ನನ್ನ ಮಾತನ್ನು ನಿಲ್ಲಿಸುತ್ತೇನೆ: 'ನಗದನ್ನು ನಾನೇ ಎಣಿಸಿದೆನು. ನಗದು ರೂ. 1,548, ಓಚರುಗಳು ರೂ. 2,912, ಕೈಗಡ ಚೀಟಿ ಒಂದು, ರೂ. 500, ಕೊರತೆ ರೂ. 40, ಭರ್ತಿಗೆ ಆದೇಶಿಸಿದೆ. ಮೂಲ ಮೊಬಲಗು ರೂ. 5,000.'